‘ಬಿಟ್ಟವರು’ ಪಟ್ಟಿಯಲ್ಲಿ ನನ್ನ ಹೆಸರು

ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡು ಮುಂದಕ್ಕೆ ಹಾಕುತ್ತಾ ಬಂದ ವಿಷಯ ಇದು. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡ್ಕೋಬೇಡಿ. ಯಾವುದಾದರೂ ಸಂಸ್ಥೆಗೆ ತಿಂಗಳು ತಿಂಗಳು ಒಂದಿಷ್ಟು ದುಡ್ಡು ಕೊಡುವವರು, ಇಲ್ಲವೇ ಅಂಥ ದುಡ್ಡಿನ ಲೆಕ್ಕ ನೋಡಿಕೊಳ್ಳುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ.

2022ರ ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮೂರು ಗೆಂಡೆಹಳ್ಳಿ, ಬೇಲೂರು ತಾಲೂಕು. ಹಬ್ಬದ ಮಾರನೇ ದಿನ ನಮ್ಮ ಗಣಿತದ ಮೇಷ್ಟ್ರ ಮನೆಗೆ ಹೋದೆ. ನಿವೃತ್ತರಾಗಿ ವರ್ಷಗಳೇ ಆದರೂ ನಮಗೆಲ್ಲಾ ಅವರು ಈಗಲೂ ಮೇಷ್ಟ್ರೇ. ಪ್ರತಿ ಸಲ ಹೋದಾಗ ಬಾಗಿಲಿಗೇ ಬಂದು "ಬಾರಯ್ಯಾ ಇಂಜಿನಿಯರ್ರು" ಅನ್ನುತ್ತಿದ್ದವರು ಅವತ್ತು "ಓ, ಬಂದ್ಯಾ, ಕೂತ್ಕೋ" ಅಂದು ಪೇಪರ್ ಓದುವುದನ್ನು ಮುಂದುವರಿಸಿದರು. ಏನೋ ಸರಿ ಇಲ್ಲ ಅಂತ ಗೊತ್ತಾಯಿತು. ಅಮ್ಮನವರು ಕಾಫಿ ಕೊಟ್ಟು ಒಳಗೆ ಹೋದ ಮೇಲೆ ನಾನೇ ಕೇಳಿದೆ, "ಯಾಕೆ ಸಾರ್, ಹುಷಾರಾಗಿದ್ದೀರಾ?"

ಮೇಷ್ಟ್ರು ಏನೂ ಹೇಳದೆ ಎದ್ದುಹೋಗಿ ಉದ್ದನೆಯ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟರು. ಒಂದು ಪುಟದಲ್ಲಿ ಕೆಂಪು ಶಾಯಿಯಲ್ಲಿ ‘ಬಿಟ್ಟವರು’ ಅಂತ ಬರೆದು ಅಡಿಗೆರೆ ಎಳೆದಿದ್ದರು. ಅದರ ಕೆಳಗೆ ಹದಿನೇಳು ಹೆಸರು. ಒಂಬತ್ತನೆಯದು ನನ್ನದು!

ಹಿನ್ನೆಲೆ ಹೇಳಿಬಿಡುತ್ತೇನೆ. 2019ರ ಜೂನ್‌ನಲ್ಲಿ ನಾವು ಒಂದಿಷ್ಟು ಹಳೇ ವಿದ್ಯಾರ್ಥಿಗಳು ಸೇರಿ ಊರಿನ ಹೈಸ್ಕೂಲಿನ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಕ್ಲಾಸು ಶುರು ಮಾಡಿದ್ದೆವು. ಗಣಿತಕ್ಕೊಬ್ಬರು, ವಿಜ್ಞಾನಕ್ಕೊಬ್ಬರು. ಇಬ್ಬರಿಗೂ ತಿಂಗಳಿಗೆ ಏಳೇಳು ಸಾವಿರ ಗೌರವಧನ. ಮಧ್ಯಾಹ್ನ ಒಂದು ಗಂಟೆಗೆ ಉಂಡ ಮಕ್ಕಳು ಸಂಜೆ ಆರರವರೆಗೆ ಖಾಲಿ ಹೊಟ್ಟೆಯಲ್ಲಿ ಬೀಜಗಣಿತ ಕಲಿಯುವುದಿಲ್ಲ ಅಂತ ಮೇಷ್ಟ್ರು ಮೊದಲೇ ಹೇಳಿದ್ದರು. ಹಾಗಾಗಿ ನಾಲ್ಕೂವರೆಗೆ ಒಂದು ತಿಂಡಿ. ಅವಲಕ್ಕಿ, ಕಡಲೆಕಾಳಿನ ಉಸಲಿ, ಮಂಡಕ್ಕಿ, ಹೀಗೆ. ನಲವತ್ತು ಮಕ್ಕಳು, ತಲೆಗೆ ಎಂಟು ರೂಪಾಯಿ, ಇಪ್ಪತ್ತೈದು ದಿನ ಅಂದರೆ ಎಂಟು ಸಾವಿರ. ಒಟ್ಟು ತಿಂಗಳಿಗೆ 22,000 ರೂಪಾಯಿ ಬೇಕು.

ಖರ್ಚು ತಿಂಗಳು ತಿಂಗಳು ಬರುವುದರಿಂದ ದುಡ್ಡೂ ತಿಂಗಳು ತಿಂಗಳೇ ಬರಲಿ ಅಂತ ನಲವತ್ತೆಂಟು ಜನರನ್ನು ಒಪ್ಪಿಸಿದೆವು. ಮೂವತ್ತೆರಡು ಜನ 500ರಂತೆ, ಹನ್ನೆರಡು ಜನ 300ರಂತೆ, ನಾಲ್ಕು ಜನ ಸಾವಿರದಂತೆ. ಒಟ್ಟು 23,600. ಕೆಲವರು ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟರು, ಕೆಲವರು ಕಾರ್ಡಿನಲ್ಲಿ ಆಟೋಮ್ಯಾಟಿಕ್ಕಾಗಿ ಹೋಗುವ ಹಾಗೆ ಮಾಡಿದರು, ಇನ್ನು ಕೆಲವರು ಸಾಲದ ಕಂತು ಕಡಿತವಾಗುತ್ತದಲ್ಲ, ಹಾಗೆ ಖಾತೆಯಿಂದ ಎಳೆದುಕೊಳ್ಳಿ ಅಂತ ಒಪ್ಪಿಗೆ ಕೊಟ್ಟರು. ಈ ಕೊನೆಯದಕ್ಕೆ ನ್ಯಾಚ್ ಅನ್ನುತ್ತಾರೆ. ನಾನು ಇದೇ ಗುಂಪಿನವನು, 500 ರೂಪಾಯಿ.

ಆಮೇಲೆ ಕೊರೋನಾ ಬಂತು. ಶಾಲೆ ಮುಚ್ಚಿತು, ಕ್ಲಾಸು ನಿಂತಿತು, ದುಡ್ಡು ಬ್ಯಾಂಕಿನಲ್ಲಿ ಸೇರುತ್ತಾ ಹೋಯಿತು. ಖರ್ಚು ಇಲ್ಲದ ಕಾಲದಲ್ಲಿ ಯಾರು ಕೊಟ್ಟರು, ಯಾರದ್ದು ಬರಲಿಲ್ಲ ಅಂತ ಯಾರೂ ನೋಡಲಿಲ್ಲ. 2021ರ ಕೊನೆಗೆ ಕ್ಲಾಸು ಮತ್ತೆ ಶುರುವಾದಾಗ ಕೂಡಿಟ್ಟ ದುಡ್ಡಿನಲ್ಲೇ ನಡೆಯಿತು. ಅದು ಕರಗುತ್ತಾ ಬಂದಾಗ ಮೇಷ್ಟ್ರು ಪಾಸ್‌ಬುಕ್ ಹಿಡಿದು ಕೂತರು. ತಿಂಗಳಿಗೆ ಬರುತ್ತಿದ್ದದ್ದು 15,400 ಮಾತ್ರ. ಜೂನ್‌ನಿಂದ ಕ್ಲಾಸು ನಡೆಸಬೇಕೋ, ಇಬ್ಬರು ಮೇಷ್ಟ್ರಲ್ಲಿ ಒಬ್ಬರನ್ನು ಬಿಡಬೇಕೋ ಅನ್ನುವುದು ಅವತ್ತಿನ ಪ್ರಶ್ನೆ.

"ದೊಡ್ಡೋರಾದ್ರಿ ಕಣಯ್ಯಾ, ಬಿಟ್ರಿ. ತಪ್ಪೇನಿಲ್ಲ. ಒಂದು ಮಾತು ಹೇಳಿದ್ರೆ ಆಗಿತ್ತು" ಅಂದರು ಮೇಷ್ಟ್ರು.

ನಾನು ಬಿಟ್ಟಿರಲಿಲ್ಲ! ಬಿಟ್ಟಿದ್ದೇನೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಅಲ್ಲೇ ಕೂತು ಮೊಬೈಲಿನಲ್ಲಿ ಹಳೇ ಖಾತೆ ತೆಗೆದು ನೋಡಿದೆ. 2021ರ ಆಗಸ್ಟಿನಲ್ಲಿ ಕೆಲಸ ಬದಲಾಯಿಸಿದ್ದೆ. ಹೊಸ ಕಂಪನಿ, ಹೊಸ ಬ್ಯಾಂಕು. ಹಳೇ ಖಾತೆಯಲ್ಲಿ 430 ರೂಪಾಯಿ ಬಿಟ್ಟು ಮರೆತಿದ್ದೆ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಮೂರೂ ತಿಂಗಳು 500 ಎಳೆಯಲು ಬಂದಿದೆ, ಸಿಕ್ಕಿಲ್ಲ. ಪ್ರತಿ ಸಲವೂ ಬ್ಯಾಂಕು ದಂಡ ಹಾಕಿದೆ. 250 ರೂಪಾಯಿ, ಮೇಲೆ ಜಿಎಸ್‌ಟಿ 45, ಒಟ್ಟು 295. ಮೂರು ಸಲಕ್ಕೆ 885. ಇದ್ದ 430 ಅದಕ್ಕೇ ಹೋಗಿ, ಇನ್ನೂ 455 ಬಾಕಿ ಅಂತ ತೋರಿಸುತ್ತಿತ್ತು. ಅಂದರೆ ಮಕ್ಕಳ ಕ್ಲಾಸಿಗೆ ಒಂದು ಪೈಸೆ ತಲುಪಲಿಲ್ಲ, ನನ್ನ ಮೇಲೆ ಒಂಬೈನೂರು ರೂಪಾಯಿ ಹತ್ತಿರ ದಂಡ, ಮೇಷ್ಟ್ರ ದೃಷ್ಟಿಯಲ್ಲಿ ನಾನು ಕೈಬಿಟ್ಟವನು. ಮೂರೂ ಒಟ್ಟಿಗೆ :-(

ಮೇಷ್ಟ್ರಿಗೆ ಮೊಬೈಲ್ ತೋರಿಸಿದೆ. ಕನ್ನಡಕ ಮೇಲೆ ಮಾಡಿ ಎರಡು ಸಲ ನೋಡಿದರು. "ಹಂಗಾದ್ರೆ ಉಳಿದ ಹದಿನಾರು ಜನದ್ದು?" ಅಂದರು.

ಸರಿ, ಬೆಂಗಳೂರಿಗೆ ವಾಪಸ್ ಹೋಗುವುದನ್ನು ಎರಡು ದಿನ ಮುಂದೆ ಹಾಕಿ ಆ ಹದಿನಾರು ಜನರ ಹಿಂದೆ ಬಿದ್ದೆ. ನಾನು ಮೊದಲು ಮಾಡಿದ್ದು ಯಾರಿಗೂ ಫೋನಲ್ಲ. ಪ್ರತಿಯೊಬ್ಬರ ಕೊನೆಯ ದುಡ್ಡು ಬಂದ ತಿಂಗಳು ಯಾವುದು ಅಂತ ಹೆಸರಿನ ಮುಂದೆ ಬರೆದೆ, ಅಷ್ಟೇ. ಅಷ್ಟರಲ್ಲೇ ಅರ್ಧ ಕಥೆ ಗೊತ್ತಾಗಿ ಹೋಯಿತು. ಐದು ಜನರದ್ದು ಒಂದೇ ತಿಂಗಳಲ್ಲಿ, 2021ರ ಮಧ್ಯದಲ್ಲಿ ನಿಂತಿದೆ. ಆರು ಜನರದ್ದು 2021ರ ಸೆಪ್ಟೆಂಬರಿನಲ್ಲಿ ಬಂದಿದೆ, ಅಕ್ಟೋಬರಿನಲ್ಲಿ ಆರೂ ಇಲ್ಲ.

ಮನಸ್ಸು ಬದಲಾಗಿ ಬಿಡುವವರು ಹೀಗೆ ಸಾಲಾಗಿ ಬಿಡುವುದಿಲ್ಲ. ಒಬ್ಬರು ಇವತ್ತು, ಇನ್ನೊಬ್ಬರು ಆರು ತಿಂಗಳಿಗೆ, ಹೀಗೆ ಚದುರಿರುತ್ತಾರೆ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಆರು ಜನ ಒಂದೇ ತಿಂಗಳಲ್ಲಿ ನಿಂತರೆ ಕಾರಣ ಅವರ ಮನಸ್ಸಿನಲ್ಲಿಲ್ಲ, ದಾರಿಯಲ್ಲಿದೆ. ಸಾಫ್ಟ್‌ವೇರಿನಲ್ಲಿ ನಾವು ಲಾಗ್ ನೋಡಿ ಹೇಳುವುದೂ ಹೀಗೇ.

ಆ ಐದು ಜನರ ವಿಷಯ ಮೊದಲು. ನಮ್ಮ ರಾಜ್ಯದಲ್ಲಿ ಹುಟ್ಟಿದ ಬ್ಯಾಂಕುಗಳು ಒಂದೊಂದಾಗಿ ವಿಲೀನವಾಗಿದ್ದು ನಿಮಗೆ ಗೊತ್ತೇ ಇದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ವಿಲೀನವಾದ ದಿನವೇ ಎಲ್ಲಾ ಬದಲಾಗುವುದಿಲ್ಲ. ಹಳೇ ಐಎಫ್‌ಎಸ್‌ಸಿ ಕೋಡು ಸ್ವಲ್ಪ ಕಾಲ ನಡೆಯುತ್ತದೆ, ಆಮೇಲೆ ಒಂದು ದಿನ ನಿಲ್ಲುತ್ತದೆ. ಉದಾಹರಣೆಗೆ ಸಿಂಡಿಕೇಟ್ ಬ್ಯಾಂಕಿನ SYNB ಅಂತ ಶುರುವಾಗುವ ಕೋಡುಗಳು 2021ರ ಜುಲೈ 1ರಿಂದ ನಿಂತವು. ನಮ್ಮ ಟ್ರಸ್ಟಿನ ಖಾತೆಯೂ ವಿಲೀನವಾದ ಒಂದು ಬ್ಯಾಂಕಿನಲ್ಲಿತ್ತು. ನಮಗೆ ಕಾಗದ ಬಂದಿತ್ತು, ಹೊಸ ಪಾಸ್‌ಬುಕ್ಕೂ ಬಂದಿತ್ತು. ಆದರೆ ದಾನಿಗಳ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್‌ನಲ್ಲಿ ಇದ್ದದ್ದು ನಮ್ಮ ಹಳೇ ಕೋಡು. ಅದನ್ನು ಅವರಿಗೆ ತಿಳಿಸುವ ಕೆಲಸ ನಮ್ಮದು, ನಾವು ತಿಳಿಸಲಿಲ್ಲ. ದುಡ್ಡು ಹೊರಡಲಿಲ್ಲ, ಹೊರಟದ್ದು ವಾಪಸ್ ಅವರ ಖಾತೆಗೇ ಬಂತು. ಬ್ಯಾಂಕಿನ ನೂರು ಎಸ್ಸೆಮ್ಮೆಸ್ಸುಗಳ ನಡುವೆ ಅದೂ ಒಂದಾಗಿ ಹೋಯಿತು. ಇಲ್ಲಿ ಪೂರ್ತಿ ತಪ್ಪು ನಮ್ಮದೇ. ತಪ್ಪು ನಮ್ಮದು, ‘ಬಿಟ್ಟವರು’ ಅನ್ನುವ ಹೆಸರು ಅವರಿಗೆ!

ಇನ್ನು ಅಕ್ಟೋಬರಿನ ಆರು ಜನ. ಇವರೆಲ್ಲಾ ಕಾರ್ಡಿನವರು. ರಿಸರ್ವ್ ಬ್ಯಾಂಕು 2019ರ ಆಗಸ್ಟಿನಲ್ಲೇ ಒಂದು ನಿಯಮ ತಂದಿತ್ತು. ಕಾರ್ಡಿನಿಂದ ಮತ್ತೆ ಮತ್ತೆ ತಾನಾಗಿ ಹೋಗುವ ದುಡ್ಡಿಗೆ ಮೊದಲ ಸಲ ಓಟಿಪಿ ಹಾಕಿ ನೋಂದಾಯಿಸಬೇಕು. ಪ್ರತಿ ತಿಂಗಳೂ ಎಳೆಯುವ ಮುಂಚೆ ಕನಿಷ್ಠ 24 ಗಂಟೆ ಮೊದಲು ಕಾರ್ಡಿನವರಿಗೆ ತಿಳಿಸಬೇಕು. ಬೇಡ ಅನ್ನಿಸಿದರೆ ಅವರು ನಿಲ್ಲಿಸಲು ದಾರಿ ಇರಬೇಕು. ಒಂದು ಮಿತಿಗಿಂತ ಹೆಚ್ಚಿನ ಮೊತ್ತವಾದರೆ ಪ್ರತಿ ಸಲವೂ ಓಟಿಪಿ ಬೇಕು. ಆ ಮಿತಿ ಮೊದಲು 2,000, ಆಮೇಲೆ 5,000, 2022ರ ಜೂನ್‌ನಿಂದ 15,000. ಬ್ಯಾಂಕುಗಳು ತಯಾರಾಗಿರಲಿಲ್ಲ ಅಂತ 2021ರ ಮಾರ್ಚಿನಲ್ಲಿ ಇದ್ದ ಗಡುವನ್ನು ಆರು ತಿಂಗಳು ಮುಂದೆ ಹಾಕಿದರು. ಕೊನೆಗೆ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಹೊಸ ರೀತಿಯಲ್ಲಿ ನೋಂದಾಯಿಸದ ಹಳೇ ಒಪ್ಪಿಗೆಗಳೆಲ್ಲಾ ಅವತ್ತಿನಿಂದ ನಡೆಯಲಿಲ್ಲ. ಸಿನಿಮಾ ನೋಡುವ ಆ್ಯಪಿನದು ನಿಂತಾಗ ಸಿನಿಮಾ ಬರುವುದಿಲ್ಲ, ಹಾಗಾಗಿ ಜನ ಅವತ್ತೇ ಹೋಗಿ ಸರಿ ಮಾಡಿಕೊಂಡರು. ನಮ್ಮೂರ ಕ್ಲಾಸಿಗೆ ಹೋಗುವ 500 ರೂಪಾಯಿ ನಿಂತರೆ ಬೆಂಗಳೂರಿನಲ್ಲಿ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ದಾನದ ದುಡ್ಡಿಗೂ ಉಳಿದ ದುಡ್ಡಿಗೂ ಇರುವ ವ್ಯತ್ಯಾಸ ಇದೇ. ನಿಂತದ್ದು ಕೊಡುವವನಿಗೆ ತಟ್ಟುವುದಿಲ್ಲ, ತಟ್ಟುವುದು ಇನ್ನೆಲ್ಲೋ ಇರುವ ಮಗುವಿಗೆ.

ಹನ್ನೊಂದು ಜನರದ್ದು ಗೊತ್ತಾಯಿತು. ಉಳಿದ ಆರರಲ್ಲಿ ನಾಲ್ಕು ಜನ ನನ್ನಂತೆಯೇ ನ್ಯಾಚ್‌ನವರು. ಇಲ್ಲಿ ಒಂದು ಅನುಕೂಲ ಇದೆ. ದುಡ್ಡು ಸಿಗದೆ ವಾಪಸ್ ಬಂದಾಗ ಬ್ಯಾಂಕು ಸುಮ್ಮನೆ ‘ಇಲ್ಲ’ ಅನ್ನುವುದಿಲ್ಲ, ಯಾಕೆ ಇಲ್ಲ ಅಂತ ಒಂದು ನಂಬರಿನಲ್ಲಿ ಹೇಳುತ್ತದೆ. 04 ಅಂದರೆ ಖಾತೆಯಲ್ಲಿ ಸಾಕಷ್ಟು ದುಡ್ಡಿಲ್ಲ. 01 ಅಂದರೆ ಖಾತೆಯೇ ಮುಚ್ಚಿದೆ. ನಮಗೆ ಪ್ರತಿ ತಿಂಗಳು ಬರುತ್ತಿದ್ದ ರಿಪೋರ್ಟಿನಲ್ಲಿ ಆ ಕಾಲಂ ಇತ್ತು. ಮೂರು ವರ್ಷದಲ್ಲಿ ನಮ್ಮಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ. ನೋಡಿದರೆ ಮೂರು ಜನಕ್ಕೆ 04, ಅದರಲ್ಲಿ ನಾನೂ ಒಬ್ಬ. ಒಬ್ಬರಿಗೆ 01.

ಆ 01 ಬಗ್ಗೆ ಬರೆಯಲೇಬೇಕು. ಅವರು ನಮಗಿಂತ ಹತ್ತು ವರ್ಷ ದೊಡ್ಡವರು. ಅಣ್ಣ ಅಂತಲೇ ಕರೆಯುತ್ತಿದ್ದೆವು. 2022ರ ಫೆಬ್ರವರಿಯಲ್ಲಿ ನಮ್ಮ ಗುಂಪಿನ ಒಬ್ಬರು ‘ಬಿಟ್ಟವರಿಗೆಲ್ಲಾ’ ಒಂದು ಮೆಸೇಜು ಕಳಿಸಿದ್ದರು. ಊರನ್ನು ಮರೆತಿರಾ, ಮಕ್ಕಳನ್ನು ಮರೆತಿರಾ ಅನ್ನುವ ಧಾಟಿಯದ್ದು. ನನಗೂ ಬಂದಿತ್ತಂತೆ, ನಾನು ಎಲ್ಲರಿಗೂ ಕಳಿಸಿದ ಫಾರ್ವರ್ಡ್ ಅಂತ ಓದದೇ ಬಿಟ್ಟಿದ್ದೆ. ಆ ಅಣ್ಣನ ನಂಬರಿಗೂ ಹೋಗಿತ್ತು. ಅವರು 2021ರ ಮೇ ತಿಂಗಳಲ್ಲೇ ಕೊರೋನಾದಲ್ಲಿ ತೀರಿಕೊಂಡಿದ್ದರು. ಮೆಸೇಜು ಓದಿದ್ದು ಅವರ ಹೆಂಡತಿ. ನಾನು ಫೋನ್ ಮಾಡಿದಾಗ ಅವರು ಬೈಯಲಿಲ್ಲ. "ಅವ್ರು ಮರ್ತಿರ್ಲಿಲ್ಲಪ್ಪ" ಅಂದರು. ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ.

ಖಾತೆ ಮುಚ್ಚಿದೆ ಅನ್ನುವ ನಂಬರು ಎಂಟು ತಿಂಗಳ ಮೊದಲೇ ನಮ್ಮ ಹತ್ತಿರ ಬಂದು ಕೂತಿತ್ತು. ಯಾರಾದರೂ ಅದನ್ನು ನೋಡಿ ಊರಿನಲ್ಲಿ ಒಂದು ಮಾತು ವಿಚಾರಿಸಿದ್ದರೆ ಆ ಮೆಸೇಜು ಆ ಮನೆಗೆ ಹೋಗುತ್ತಿರಲಿಲ್ಲ. 01 ಬಂದರೆಲ್ಲಾ ಸಾವು ಅಂತಲ್ಲ, ಬ್ಯಾಂಕು ಬದಲಾಯಿಸಿದವರದ್ದೂ ಹಾಗೇ ಬರುತ್ತದೆ. ಆದರೆ 01 ಬಂದವರಿಗೆ ಯಾವತ್ತೂ ಸಾಮೂಹಿಕ ಮೆಸೇಜು ಕಳಿಸಬಾರದು, ಗೊತ್ತಿರುವವರೊಬ್ಬರು ಮೊದಲು ವಿಚಾರಿಸಬೇಕು. ಇದನ್ನು ನಾನು ಅವತ್ತು ಕಲಿತೆ.

ಕೊನೆಯ ಇಬ್ಬರು? ಅವರು ನಿಜವಾಗಿಯೂ ಬಿಟ್ಟವರು. ಒಬ್ಬರಿಗೆ ಕೆಲಸ ಹೋಗಿತ್ತು. ಇನ್ನೊಬ್ಬರು ನೇರವಾಗಿ ಹೇಳಿದರು, "ಎರಡು ವರ್ಷ ಕೊಟ್ಟೆ, ಎಷ್ಟು ಮಕ್ಕಳು ಪಾಸಾದ್ರು ಅಂತ ಒಂದು ಸಾಲು ಬರೀಲಿಲ್ಲ ನೀವು." ಸರಿಯಾದ ಮಾತು. ಹದಿನೇಳರಲ್ಲಿ ಇಬ್ಬರು ಮಾತ್ರ ಬಿಟ್ಟವರು. ಉಳಿದ ಹದಿನೈದು ಜನ ತಮಗೇ ಗೊತ್ತಿಲ್ಲದೆ ಪಟ್ಟಿಗೆ ಸೇರಿದವರು.

ಈ ಕಥೆ ಮೇಷ್ಟ್ರಿಗೆ ಹೇಳಿದಾಗ ಅವರು ತಮ್ಮ ವಾರಾನ್ನದ ಕಾಲ ನೆನಪಿಸಿಕೊಂಡರು. ಹಾಸನದಲ್ಲಿ ಓದುವಾಗ ಅವರು ವಾರಾನ್ನ ಮಾಡಿಕೊಂಡಿದ್ದವರು. ಈಗಿನವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಬಡ ಹುಡುಗರು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಮಾಡಿಕೊಂಡು ಓದುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಯೋಚನೆ ಮಾಡಿ, ಇದೂ ಮತ್ತೆ ಮತ್ತೆ ಕೊಡುವ ದಾನವೇ. ತಿಂಗಳ ಬದಲು ವಾರ, ದುಡ್ಡಿನ ಬದಲು ಅನ್ನ.

"ಬುಧವಾರದ ಮನೆಯೋರು ಊರಿಗೆ ಹೋಗೋದಿದ್ರೆ ಹಿಂದಿನ ವಾರವೇ ಹೇಳೋರು. ಹೇಳೋದು ಮರೆತ್ರೂ ಬಾಗ್ಲಿಗೆ ಬೀಗ ಇರೋದು, ನನಗೆ ಗೊತ್ತಾಗೋದು. ಬೀಗ ನೋಡಿ ಇವ್ರು ಕೈಬಿಟ್ರು ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ. ಪಕ್ಕದ ಮನೇಲಿ ಕೇಳ್ತಿದ್ದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮನ್ನ ಮಾತ್ರ ಕೇಳಲಿಲ್ಲ ನೋಡು" ಅಂದರು.

ನನಗನ್ನಿಸುವುದು ಇಷ್ಟೇ. ತಿಂಗಳ ದಾನವನ್ನು ಮೆಷಿನ್ನಿಗೆ ಕೊಟ್ಟಾಗ ನಾವು ಆ ಬೀಗ ಕಾಣದ ಹಾಗೆ ಮಾಡಿಕೊಂಡೆವು. ಕೊಡುವವನಿಗೆ ತನ್ನ ಮನೆ ಬಾಗಿಲಿಗೆ ಬೀಗ ಬಿದ್ದದ್ದು ಗೊತ್ತಿಲ್ಲ, ತೆಗೆದುಕೊಳ್ಳುವವನು ಪಕ್ಕದ ಮನೆಯಲ್ಲಿ ಕೇಳುವುದಿಲ್ಲ.

ಸಣ್ಣ ವಿಷಯ ಅನ್ನಿಸುತ್ತದೆಯೇ? ಒಂದು ಲೆಕ್ಕ ಹಾಕೋಣ. ನೂರು ಜನ ದಾನಿಗಳು. ತಿಂಗಳಿಗೆ ಬರೀ ನೂರಕ್ಕೆ ಎರಡರಷ್ಟು ಹೀಗೆ ಕೆಟ್ಟುಹೋಗುತ್ತದೆ, ಯಾರೂ ಸರಿ ಮಾಡುವುದಿಲ್ಲ ಅಂದುಕೊಳ್ಳಿ. ಮೊದಲ ವರ್ಷದ ಕೊನೆಗೆ ಸುಮಾರು 78 ಜನ ಉಳಿಯುತ್ತಾರೆ. ಎರಡು ವರ್ಷಕ್ಕೆ 62, ಮೂರು ವರ್ಷಕ್ಕೆ 48. ಗಮನಿಸಿ, ಇಲ್ಲಿ ಒಬ್ಬನೇ ಒಬ್ಬ ದಾನಿಯೂ ಮನಸ್ಸು ಬದಲಾಯಿಸಿಲ್ಲ. ಆದರೂ ಅರ್ಧಕ್ಕಿಂತ ಹೆಚ್ಚು ಜನ ಮಾಯ! ಕೆಟ್ಟದ್ದರಲ್ಲಿ ಅರ್ಧವನ್ನು ಆಯಾ ತಿಂಗಳೇ ಸರಿ ಮಾಡಿಸಿಕೊಂಡರೆ ಮೂರು ವರ್ಷಕ್ಕೆ 70 ಜನ ಉಳಿಯುತ್ತಾರೆ. ಇಪ್ಪತ್ತೆರಡು ಹೊಸ ದಾನಿಗಳನ್ನು ಹುಡುಕುವುದು ಎಷ್ಟು ಕಷ್ಟ ಅಂತ ಚಂದಾ ಎತ್ತಿದವರಿಗೆ ಗೊತ್ತು. ಅದಕ್ಕಿಂತ ತಿಂಗಳಿಗೆ ಎರಡು ಫೋನು ಸುಲಭ.

ಹಾಗಾದರೆ ಏನು ಮಾಡಬೇಕು? ನಾವು ಮಾಡಿದ್ದು ಹೇಳುತ್ತೇನೆ.

ನೋಟ್‌ಬುಕ್ಕಿನಲ್ಲಿ ‘ಬಿಟ್ಟವರು’ ಅನ್ನುವ ಪುಟವನ್ನು ಎರಡು ಮಾಡಿದೆವು. ‘ಬೇಡ ಅಂದವರು’ ಮತ್ತು ‘ಬರದೆ ಇರುವುದು’. ಬಾಯಿಬಿಟ್ಟು ಬೇಡ ಅಂದವರ ಅಥವಾ ತಾವೇ ರದ್ದು ಮಾಡಿದವರ ಹೆಸರು ಮಾತ್ರ ಮೊದಲ ಪುಟಕ್ಕೆ. ಉಳಿದದ್ದೆಲ್ಲಾ ಎರಡನೆಯದಕ್ಕೆ, ಪಕ್ಕದಲ್ಲಿ ಕಾರಣದ ನಂಬರು ಮತ್ತು ಯಾವ ತಿಂಗಳಿಂದ ಅನ್ನುವುದು. ಎರಡನೇ ಪುಟದಲ್ಲಿ ಹೆಸರಿದ್ದವರಿಗೆ ಊರು ಮರೆತಿರಾ ಅನ್ನುವಂತಿಲ್ಲ. "ಈ ತಿಂಗಳು ನಿಮ್ಮ ಬ್ಯಾಂಕಿನಿಂದ ದುಡ್ಡು ಬಂದಿಲ್ಲ, ಕಾರಣ ಹೀಗಂತೆ, ಸರಿ ಮಾಡಲು ಹೀಗೆ ಮಾಡಿ, ನಿಲ್ಲಿಸಬೇಕು ಅನ್ನಿಸಿದ್ದರೆ ಅದನ್ನೂ ಹೇಳಿ, ಬೇಸರವಿಲ್ಲ." ಇಷ್ಟೇ ಮಾತು. ಅದೂ ಅವರಿಗೆ ಪರಿಚಯ ಇರುವವರೇ ಹೇಳಬೇಕು.

ಎರಡನೆಯದು, ಮತ್ತೆ ಮತ್ತೆ ಎಳೆಯುವುದನ್ನು ನಿಲ್ಲಿಸಿದ್ದು. ನ್ಯಾಚ್‌ನಲ್ಲಿ 04 ಬಂದರೆ ಮುಂದಿನ ತಿಂಗಳು ತಾನಾಗಿ ಹಾಕುವುದಿಲ್ಲ, ಮೊದಲು ಫೋನು. ಹಲವು ಬ್ಯಾಂಕುಗಳಲ್ಲಿ ಒಂದು ಸಲ ವಾಪಸಾದರೆ ಮುನ್ನೂರರಿಂದ ಐನೂರು ರೂಪಾಯಿಯಷ್ಟು ದಂಡ ಬೀಳುತ್ತದೆ. 300 ರೂಪಾಯಿ ಕೊಡುವವನಿಗೆ ದಾನಕ್ಕಿಂತ ದಂಡವೇ ಜಾಸ್ತಿ. ಒಂದು ಸಲ ಹಾಗಾದವನು ಬ್ಯಾಂಕನ್ನು ಬೈಯುವುದಿಲ್ಲ, ನಮ್ಮನ್ನು ಬೈಯುತ್ತಾನೆ. ಎಳೆಯುವ ದಿನವನ್ನೂ 28ರಿಂದ 5ಕ್ಕೆ ಬದಲಾಯಿಸಿದೆವು. ತಿಂಗಳ ಕೊನೆಯಲ್ಲಿ ಯಾರ ಖಾತೆಯಲ್ಲಿ ಏನಿರುತ್ತದೆ ಹೇಳಿ? :-) 2020ರ ಜುಲೈನಲ್ಲಿ ಶುರುವಾದ ಯುಪಿಐ ಆಟೋಪೇಗೆ ಈಗ ಹೆಚ್ಚಿನವರು ಬದಲಾಗಿದ್ದಾರೆ. ಅಲ್ಲಿ 2025ರ ಆಗಸ್ಟಿನಿಂದ ಒಂದು ಕಂತಿಗೆ ಮೊದಲ ಪ್ರಯತ್ನ ಬಿಟ್ಟು ಇನ್ನು ಮೂರೇ ಸಲ ಅಂತ ಎನ್‌ಪಿಸಿಐ ಮಿತಿ ಹಾಕಿದೆ. ಮೂರೂ ಸಲ ಬಳಸಿಕೊಳ್ಳಲೇಬೇಕು ಅಂತ ಏನಿಲ್ಲ.

ಮೂರನೆಯದು ಊರಿನಲ್ಲೇ ಇರುವ ದಾನಿಗಳಿಗಾಗಿ. ಕಾಫಿ, ಮೆಣಸು, ಶುಂಠಿ ಬೆಳೆಯುವವರಿಗೆ ತಿಂಗಳ ಸಂಬಳ ಇಲ್ಲ. ಕಾಫಿ ಕೊಯ್ಲು ಮುಗಿದು ಮಾರಿದ ಮೇಲೆ ಕೈಯಲ್ಲಿ ದುಡ್ಡಿರುತ್ತದೆ, ಮಳೆಗಾಲದಲ್ಲಿ ಇರುವುದಿಲ್ಲ. ಅವರಿಗೆ ತಿಂಗಳಿಗೆ 300 ಅಂತ ಕಟ್ಟಿಹಾಕಿ, ಆಗಸ್ಟಿನಲ್ಲಿ 04 ಬಂತು ಅಂತ ಬರೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಮಾರ್ಚಿನಲ್ಲಿ ಒಂದೇ ಸಲ 3,600 ಅಂದರೆ ಸಂತೋಷದಿಂದ ಕೊಡುತ್ತಾರೆ.

ಇಲ್ಲಿ ಒಂದು ವಾದ ಬಂತು, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಗುಂಪಿನ ಕೆಲವರು, "ಕೇಳೋಕೆ ಹೋದ್ರೆ ಇರೋರೂ ಬಿಡ್ತಾರೆ. 24 ಗಂಟೆ ಮುಂಚೆ ಮೆಸೇಜು ಬಂದ್ರೆ ಜನಕ್ಕೆ ನೆನಪಾಗಿ ರದ್ದು ಮಾಡ್ತಾರೆ. ಮಲಗಿರೋ ನಾಯೀನ ಯಾಕೆ ಎಬ್ಬಿಸ್ಬೇಕು?" ಅಂದರು. ಇದರಲ್ಲಿ ಸುಳ್ಳಿಲ್ಲ. ನಾನು ಫೋನ್ ಮಾಡಿದವರಲ್ಲೇ ಒಬ್ಬರು, "ಓ, ನಿಂತಿದೆಯಾ? ಹಾಗಿದ್ರೆ ಇರ್ಲಿ ಬಿಡಿ, ಮನೆ ಲೋನ್ ಜಾಸ್ತಿಯಾಗಿದೆ" ಅಂದರು. ನಾನು ಕೇಳಿದ್ದರಿಂದಲೇ ಅವರು ಬಿಟ್ಟರು ಅಂತ ಬೇಕಾದರೆ ಹೇಳಬಹುದು.

ಆದರೂ ನನ್ನ ಅಭಿಪ್ರಾಯ ಬೇರೆ. ಕೊಡುವವನಿಗೆ ಮರೆತುಹೋಗಿದೆ ಅನ್ನುವ ಒಂದೇ ಕಾರಣಕ್ಕೆ ಬರುತ್ತಿರುವ ದುಡ್ಡನ್ನು ನಂಬಿಕೊಂಡು ಇಬ್ಬರು ಮೇಷ್ಟ್ರಿಗೆ ಸಂಬಳದ ಮಾತು ಕೊಡಲಾಗುವುದಿಲ್ಲ. ಅಂಥ ದುಡ್ಡು ಕೆಲಸ ಬದಲಾದ ದಿನ, ಕಾರ್ಡು ಬದಲಾದ ದಿನ ಹೇಗೂ ನಿಲ್ಲುತ್ತದೆ, ಅದೂ ಹೇಳದೆ. ರಿಸರ್ವ್ ಬ್ಯಾಂಕಿನ ನಿಯಮದಿಂದ ನಮಗೆ ಆರು ಜನ ತಪ್ಪಿದರು ನಿಜ. ಆದರೆ ಮೊದಲೇ ತಿಳಿಸು, ನಿಲ್ಲಿಸಲು ದಾರಿ ಕೊಡು ಅನ್ನುವುದು ವಾರಾನ್ನದ ಮನೆಯವರು ತಾವಾಗಿಯೇ ಪಾಲಿಸುತ್ತಿದ್ದ ಮರ್ಯಾದೆ. ಆ ಮರ್ಯಾದೆಗೆ ಹೆದರುವ ಸಂಸ್ಥೆ ತನ್ನ ದಾನಿಗಳನ್ನು ನಂಬುತ್ತಿಲ್ಲ ಅಂತ ಅರ್ಥ. ಬೇಡ ಅಂದವರಿಗೆ ಸುಲಭವಾಗಿ ಬಿಡಲು ಕೊಟ್ಟು, ಇಷ್ಟು ದಿನ ಕೊಟ್ಟದ್ದಕ್ಕೆ ಮಕ್ಕಳ ಫಲಿತಾಂಶ ಬರೆದು ಕಳಿಸಿ. ಕೆಲಸ ಹೋಗಿ ಬಿಟ್ಟಿದ್ದವರು ಕೆಲಸ ಸಿಕ್ಕಿದ ಮೇಲೆ 2023ರಲ್ಲಿ ತಾವೇ ವಾಪಸ್ ಬಂದರು. ನಾವು ಕೇಳಿರಲಿಲ್ಲ.

ಕೊನೆಗೆ ಲೆಕ್ಕ. ಹದಿನೈದರಲ್ಲಿ ತೀರಿಕೊಂಡ ಅಣ್ಣನನ್ನು ಬಿಟ್ಟರೆ ಹದಿನಾಲ್ಕು ಜನ. ಹನ್ನೊಂದು ಜನ ಮತ್ತೆ ಶುರು ಮಾಡಿದರು, ಒಂಬತ್ತು ಜನ 500ರಂತೆ, ಇಬ್ಬರು 300ರಂತೆ. ಒಟ್ಟು 5,100. 15,400 ಇದ್ದದ್ದು 20,500 ಆಯಿತು. ಬೇಕಾದದ್ದು 22,000. ಇನ್ನೂ 1,500 ಕಡಿಮೆ. ಅದಕ್ಕೆ ಮೇಷ್ಟ್ರೇ ಒಂದು ದಾರಿ ಹುಡುಕಿದರು. ಶನಿವಾರದ ತಿಂಡಿಯನ್ನು ಊರಿನ ಮನೆಗಳು ಸರದಿಯಂತೆ ಮಾಡಿ ಕಳಿಸುವುದು. ವಾರಾನ್ನವೇ ವಾಪಸ್ ಬಂತು ಅನ್ನಿ! 2022ರ ಜೂನ್‌ನಲ್ಲಿ ಇಬ್ಬರು ಮೇಷ್ಟ್ರೂ ಕ್ಲಾಸಿಗೆ ಬಂದರು.

ನನ್ನ 500 ಈಗ ಹೊಸ ಖಾತೆಯಿಂದ ಪ್ರತಿ 5ನೇ ತಾರೀಖು ಹೋಗುತ್ತದೆ. ಹಿಂದಿನ ದಿನ ಮೆಸೇಜು ಬರುತ್ತದೆ, ಈಗ ಓದುತ್ತೇನೆ. ಹಳೇ ಖಾತೆಯ ಬಾಕಿ 455 ಕಟ್ಟಿ ಅದನ್ನು ಮುಚ್ಚಿಸಿಯೂ ಆಯಿತು.

ನಿಮ್ಮದೂ ಎಲ್ಲಾದರೂ ಹೋಗುತ್ತಿದ್ದರೆ, ಅಥವಾ ಹೋಗುತ್ತಿದೆ ಅಂತ ನೀವು ಅಂದುಕೊಂಡಿದ್ದರೆ, ಇವತ್ತು ರಾತ್ರಿ ಒಂದು ಸಲ ಪಾಸ್‌ಬುಕ್ ತೆಗೆದು ನೋಡಿ. ಯಾರದೋ ನೋಟ್‌ಬುಕ್ಕಿನಲ್ಲಿ ನಿಮ್ಮ ಹೆಸರೂ ಕೆಂಪು ಶಾಯಿಯಲ್ಲಿ ಇರಬಹುದು.

ನಿಮಗೂ ಹೀಗೆ ಆಗಿದೆಯೇ? ಆಗಿದ್ದರೆ ಬರೆಯಿರಿ, ಮೇಷ್ಟ್ರಿಗೆ ಓದಿ ಹೇಳುತ್ತೇನೆ.